ಗೃಹಪ್ರವೇಶದ ದಿನ ಒಡೆದ ಹಾಲು, ಒಡೆಯದ ಎರಡು ಹಾಲು

ಹೋದ ಏಪ್ರಿಲ್‌ನಲ್ಲಿ ಹಾಸನದಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶ ಇತ್ತು. ಬೆಳಗಿನ ಜಾವ 5 ಗಂಟೆಗೆ ಮುಹೂರ್ತ, ಹೊಸ ಒಲೆ ಮೇಲೆ ಹೊಸ ಪಾತ್ರೆ ಇಟ್ಟು ಹಾಲು ಉಕ್ಕಿಸ್ಬೇಕು, ಅದಕ್ಕೆ ಪ್ಯಾಕೆಟ್ ಹಾಲು ಬೇಡ ನಮ್ಮ ಹಸುವಿನ ಹಾಲೇ ಆಗ್ಬೇಕು ಅಂತ ಅಕ್ಕನ ಅತ್ತೆ ಆಲೂರು ಕಡೆ ಅವರ ಊರಿಂದ ಸ್ಟೀಲ್ ಕ್ಯಾನಲ್ಲಿ 3 ಲೀಟರ್ ತಂದಿದ್ರು. ಒಲೆ ಹಚ್ಚಿದ್ರು, ಎಲ್ಲರೂ ಸುತ್ತ ನಿಂತು ನೋಡ್ತಾ ಇದ್ದಾರೆ, ಹಾಲು ಉಕ್ಕೋ ಬದಲು ಪಾತ್ರೆಯೊಳಗೇ ಚೂರು ಚೂರಾಗಿ ಒಡೆದು ಹೋಯ್ತು. ಅತ್ತೆ ಮುಖ ಬಿಳಿಚ್ಕೊಂಡ್ತು. ಆಮೇಲೆ ಯಾರೋ ಗಡಿಬಿಡೀಲಿ ಫ್ರಿಜ್‌ನಲ್ಲಿದ್ದ ನೀಲಿ ಪ್ಯಾಕೆಟ್ ಕತ್ತರಿಸಿ ಸುರಿದ್ರು, ಅದು ಚೆನ್ನಾಗಿ ಉಕ್ತು, ಪೂಜೆ ಮುಗೀತು. ಬಂದ ನೆಂಟ್ರಿಗೆ ಕಾಫಿಗೆ ಅಂತ ಭಾವ ಮೂರು ದಿನದ ಹಿಂದೇನೆ ತಂದು ಕಾರಿನ ಡಿಕ್ಕಿಯಲ್ಲೇ ಇಟ್ಟಿದ್ದ, ಫ್ರಿಜ್ ಇಲ್ದೆ ತಿಂಗಳುಗಟ್ಟಲೆ ಇರೋ ಯುಹೆಚ್‌ಟಿ ಹಾಲಿನ ಪೌಚ್‌ಗಳು, ಆ ಬಿಸಿಲಲ್ಲಿ ಡಿಕ್ಕಿ ಒಳಗೆ ಕೂತಿದ್ದೂ ಏನೂ ಆಗಿರ್ಲಿಲ್ಲ.

ನಾನು ಆರು ವರ್ಷ ಒಂದು ಡೇರಿ ಲ್ಯಾಬಲ್ಲಿ ಹಾಲು ಟೆಸ್ಟ್ ಮಾಡ್ಕೊಂಡಿದ್ದೋನು. ಅದಕ್ಕೆ ಅಕ್ಕನ ಅತ್ತೆ ಸಂಜೆ ಎಲ್ಲರೂ ಹೋದ್ಮೇಲೆ ನನ್ನ ಪಕ್ಕ ಕೂತು, "ಏ ತಮ್ಮ, ನೀನು ಡೇರೀಲಿ ಇದ್ದೋನಲ್ವಾ, ನಿಜ ಹೇಳು, ನಾವು ನೀರೂ ಹಾಕದೆ ತಂದ ಹಾಲು ಒಡೀತು, ಆ ಪ್ಯಾಕೆಟ್ ಹಾಲು ಒಡೀಲಿಲ್ಲ, ಇದು ಅಪಶಕುನ ಅಲ್ದೆ ಇನ್ನೇನು?" ಅಂದ್ರು. ಅವರಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಾ ಇದೀನಿ, ಯಾಕಂದ್ರೆ ಹಸಿ ಹಾಲು, ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು, ಯುಹೆಚ್‌ಟಿ ಹಾಲು ಮೂರೂ ಒಂದೇ ಅಡುಗೆಮನೇಲಿ ಒಂದೇ ಹೊತ್ತಲ್ಲಿ ಇದ್ವು, ಮೂರೂ ಬೇರೆ ಬೇರೆ ಥರ ನಡ್ಕೊಂಡ್ವು.

ಮೂರಕ್ಕೂ ವ್ಯತ್ಯಾಸ ತಿಳ್ಕೊಳ್ಳೋಕೆ ಎರಡೇ ಪ್ರಶ್ನೆ ಕೇಳಿದ್ರೆ ಸಾಕು. ಒಳಗಿದ್ದ ಸೂಕ್ಷ್ಮಜೀವಿಗಳಲ್ಲಿ ಯಾವ್ಯಾವು ಸತ್ತಿವೆ, ಮತ್ತೆ ಸತ್ತ ಮೇಲೆ ಹೊರಗಿಂದ ಹೊಸದಾಗಿ ಒಳಗೆ ಬರೋಕೆ ದಾರಿ ಇದ್ಯಾ ಇಲ್ವಾ. ಎಷ್ಟು ದಿನ ಇರತ್ತೆ, ಎಷ್ಟು ಸೇಫ್, ರುಚಿ ಯಾಕೆ ಬದಲಾಗತ್ತೆ ಅನ್ನೋದೆಲ್ಲ ಹೆಚ್ಚುಕಮ್ಮಿ ಇದರಿಂದಾನೇ ಬರೋದು.

ಮೊದಲು ಆ ಒಡೆದ ಹಾಲಿನ ಕಥೆ. ಅತ್ತೆ ಹೇಳಿದ ಪ್ರಕಾರ ಹಿಂದಿನ ದಿನ ಸಂಜೆ ಐದೂವರೆಗೆ ಕರೆದಿದ್ದು, ಶೋಧಿಸಿ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದು, ರಾತ್ರಿ ಎಲ್ಲ ಹಂಗೇ ಇತ್ತು, ಬೆಳಗಿನ ಜಾವ ಮೂರೂವರೆಗೆ ಗಾಡಿ ಹತ್ತಿಸಿದ್ದು. ಅಂದ್ರೆ ಒಲೆ ಮೇಲೆ ಇಡೋ ಹೊತ್ತಿಗೆ ಹನ್ನೊಂದೂವರೆ ಗಂಟೆ ಆಗಿತ್ತು. ಕೆಚ್ಚಲಿಂದ ಬರುವಾಗ ಹಾಲು ಹಸುವಿನ ಮೈ ಬಿಸಿಯಲ್ಲೇ ಇರತ್ತೆ, ಸುಮಾರು 38 ಡಿಗ್ರಿ, ಅದನ್ನ ಬಿಸಿಯಾಗಿದ್ದಾಗ್ಲೇ ಕ್ಯಾನಿಗೆ ಹಾಕಿ ಮುಚ್ಚಿದ್ರೆ ಬೇಗ ತಣ್ಣಗಾಗಲ್ಲ, ಏಪ್ರಿಲ್ ರಾತ್ರಿ ಹಾಸನದಲ್ಲೂ ಮನೆ ಒಳಗೆ ಬೆಚ್ಚಗೇ ಇರತ್ತೆ, ಹಂಗಾಗಿ ಆ ಹಾಲು ರಾತ್ರಿ ಪೂರ್ತಿ ಬ್ಯಾಕ್ಟೀರಿಯಾ ಬೆಳೆಯೋಕೆ ಹೇಳಿ ಮಾಡ್ಸಿದ ಬಿಸಿಯಲ್ಲಿತ್ತು.

ಆರೋಗ್ಯವಾಗಿರೋ ಹಸುವಿನ ಹಾಲಲ್ಲೂ ಬ್ಯಾಕ್ಟೀರಿಯಾ ಇದ್ದೇ ಇರತ್ತೆ, ಕೆಚ್ಚಲಿನ ಚರ್ಮ, ಕೈ, ಪಾತ್ರೆ, ಕೊಟ್ಟಿಗೆ ಧೂಳು ಇವುಗಳಿಂದ ಸೇರ್ಕೊಳತ್ತೆ. ಲೆಕ್ಕಕ್ಕೆ ಅಂತ ಇಟ್ಕೊಳ್ಳೋಣ, ಕರೆದಾಗ ಒಂದು ಮಿಲಿಲೀಟರ್‌ಗೆ 20,000 ಇತ್ತು ಅಂತ, ಮತ್ತೆ ಗಂಟೆಗೊಂದು ಸಲ ಅದು ಎರಡರಷ್ಟು ಆಗತ್ತೆ ಅಂತ. ಒಂದು ಗಂಟೆಗೆ 40,000, ಎರಡು ಗಂಟೆಗೆ 80,000, ಕೇಳೋಕೆ ದೊಡ್ಡದೇನಲ್ಲ. ಆದ್ರೆ ಹನ್ನೊಂದು ಸಲ ಎರಡರಷ್ಟು ಆದ್ರೆ 2,048 ಪಟ್ಟು, ಅಲ್ಲಿಗೆ 4 ಕೋಟಿ ದಾಟತ್ತೆ. ಇವುಗಳಲ್ಲಿ ಜಾಸ್ತಿ ಇರೋದು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡೋ ಜಾತಿ, ಅಂದ್ರೆ ನಮ್ಮ ಮೊಸರಿನ ಬ್ಯಾಕ್ಟೀರಿಯಾದ ನೆಂಟ್ರೇ.

ಇಲ್ಲಿ ಒಂದು ವಿಷಯ ಜನಕ್ಕೆ ಗೊತ್ತಾಗಲ್ಲ. ಕ್ಯಾನ್ ತೆಗೆದಾಗ ಹಾಲು ನೀರಾಗೇ ಇತ್ತು, ಮೂಸಿ ನೋಡಿದ್ರೂ ಹುಳಿ ವಾಸನೆ ಇರ್ಲಿಲ್ಲ, ಅತ್ತೆ ಒಂದು ಹನಿ ಬಾಯಿಗೆ ಹಾಕ್ಕೊಂಡೂ ನೋಡಿದ್ರಂತೆ. ಹಾಲು ತಾನಾಗೇ ಗಟ್ಟಿ ಆಗೋಕೆ ಹುಳಿ ತುಂಬಾ ಬೇಕು, ಹುಳಿ ಜಾಸ್ತಿ ಆದಷ್ಟೂ ಪಿಹೆಚ್ ಅನ್ನೋ ಅಂಕಿ ಇಳಿಯತ್ತೆ, ತಾಜಾ ಹಾಲಿನ ಪಿಹೆಚ್ 6.7ರ ಹತ್ರ ಇರತ್ತೆ, ಅದು 4.6ರ ಹತ್ರ ಇಳಿದಾಗ ಮೊಸರು. ಆದ್ರೆ ಬಿಸಿ ಮಾಡಿದ್ರೆ ಅಷ್ಟು ಹುಳಿ ಬೇಕಾಗಿಲ್ಲ, ನಾಲಿಗೆಗೆ ಗೊತ್ತಾಗದಷ್ಟು ಕಡಿಮೆ ಹುಳಿ ಸೇರಿದ್ರೂ ಕೇಸೀನ್ ಅನ್ನೋ ಪ್ರೋಟೀನು ಕುದಿಯೋ ಬಿಸೀಲಿ ಒಂದಕ್ಕೊಂದು ಅಂಟ್ಕೊಂಡು ಒಡೆದು ಹೋಗತ್ತೆ. ಹಳ್ಳಿ ಡೇರೀಲಿ ಅನುಮಾನ ಬಂದ ಹಾಲನ್ನ ಟೆಸ್ಟರ್ ಒಂದು ಟ್ಯೂಬಿಗೆ ಸ್ವಲ್ಪ ಹಾಕಿ ಕುದಿಯೋ ನೀರಲ್ಲಿ ಇಟ್ಟು ನೋಡೋದು ಇದಕ್ಕೇನೆ, ಚೂರು ಕಂಡ್ರೆ ಆ ಹಾಲು ವಾಪಸ್. ಗೃಹಪ್ರವೇಶದ ಒಲೆ ಮೇಲೆ ಆಗಿದ್ದು ಅದೇ ಪರೀಕ್ಷೆ, 3 ಲೀಟರ್ ಲೆಕ್ಕದಲ್ಲಿ ಆಯ್ತು ಅಷ್ಟೆ.

ಅದೇ ಊರಿನ ಅದೇ ಸಂಜೆ ಹಾಲು ಡೇರಿಗೆ ಹೋಗಿದ್ರೆ ಏನಾಗ್ತಿತ್ತು ಅಂದ್ರೆ, ಒಂದೆರಡು ಗಂಟೆ ಒಳಗೆ ಹಾಲು ತಣ್ಣಗೆ ಮಾಡೋ ದೊಡ್ಡ ಟ್ಯಾಂಕು ಅಂದ್ರೆ ಬಲ್ಕ್ ಕೂಲರ್‌ಗೆ ಬಿದ್ದು 4 ಡಿಗ್ರಿಗೆ ಇಳೀತಿತ್ತು. ಆ ಚಳೀಲಿ ಹುಳಿ ಮಾಡೋ ಜಾತಿಗಳು ಸಾಯಲ್ಲ, ಕೈಕಾಲು ಮುದುರ್ಕೊಂಡು ಕೂತ್ಕೊಳ್ತವೆ. ಅಲ್ಲಿಂದ ಟ್ಯಾಂಕರ್, ಅಲ್ಲಿಂದ ಹಾಸನ. ಹಾಸನ ಹಾಲು ಒಕ್ಕೂಟ ಅಂದ್ರೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರು ಜಿಲ್ಲೆಯದ್ದು, ಹಂಗಾಗಿ ನಾವು ಕುಡಿಯೋ ಒಂದು ಪ್ಯಾಕೆಟ್‌ನಲ್ಲಿ ಎಷ್ಟೋ ಊರಿನ ಎಷ್ಟೋ ಹಸುಗಳ ಹಾಲು ಬೆರೆತಿರತ್ತೆ. ಬೆರೆತಿರೋದ್ರಿಂದಾನೇ ಬಿಸಿ ಮಾಡೋದು ಕಡ್ಡಾಯ, ಒಂದು ಕೊಟ್ಟಿಗೇಲಿ ರೋಗ ಇದ್ರೂ ಅದು ಇಡೀ ಟ್ಯಾಂಕರ್‌ಗೆ ಬರತ್ತಲ್ಲ.

ಆ ಬಿಸಿ ಮಾಡೋದೇ ಪಾಶ್ಚರೀಕರಣ. 72 ಡಿಗ್ರಿ, 15 ಸೆಕೆಂಡ್, ಆಮೇಲೆ ತಕ್ಷಣ 4 ಡಿಗ್ರಿಗೆ. ಇದು ದೊಡ್ಡ ಡೇರಿಗಳ ವಿಧಾನ, ಹಾಲು ತೆಳ್ಳಗಿನ ಸ್ಟೀಲ್ ಪ್ಲೇಟ್‌ಗಳ ನಡುವೆ ಹರೀತಾ ಹರೀತಾ ಬಿಸಿ ಆಗಿ ಹಂಗೇ ತಣ್ಣಗಾಗತ್ತೆ. ಸಣ್ಣ ಪ್ರಮಾಣದಲ್ಲಿ ಮಾಡೋರು 63 ಡಿಗ್ರಿಯಲ್ಲಿ 30 ನಿಮಿಷ ಇಡ್ತಾರೆ, ಪರಿಣಾಮ ಒಂದೇ. ಪಾಶ್ಚರ್ 1860ರ ದಶಕದಲ್ಲಿ ಇದನ್ನ ಕಂಡ್ಕೊಂಡಿದ್ದು ವೈನ್ ಕೆಡೋದನ್ನ ತಡೆಯೋಕೆ, ಹಾಲಿಗೆ ಬಂದಿದ್ದು ಆಮೇಲೆ. ಈ 72 ಅನ್ನೋ ಅಂಕಿ ಹಾಲು ಜಾಸ್ತಿ ದಿನ ಇರ್ಲಿ ಅಂತ ಇಟ್ಟಿದ್ದಲ್ಲ, ಹಾಲಿನ ಮೂಲಕ ಮನುಷ್ಯರಿಗೆ ಬರೋ ಕ್ಷಯ, ಬ್ರುಸೆಲ್ಲಾ, ಕ್ಯೂ ಜ್ವರ, ಸಾಲ್ಮೊನೆಲ್ಲಾ ಇಂಥ ರೋಗಾಣುಗಳು ಸಾಯ್ಲಿ ಅಂತ. ಅದು ಸರಿಯಾಗಿ ಆಯ್ತಾ ಅಂತ ನೋಡೋಕೆ ಲ್ಯಾಬಲ್ಲಿ ನಾವು ರೋಗಾಣು ಹುಡುಕ್ತಾ ಕೂರಲ್ಲ, ಹಾಲಲ್ಲಿ ಸಹಜವಾಗಿ ಇರೋ ಫಾಸ್ಫಟೇಸ್ ಅನ್ನೋ ಕಿಣ್ವ ನೋಡ್ತೀವಿ. ಅದು ಈ ರೋಗಾಣುಗಳಿಗಿಂತ ಸ್ವಲ್ಪ ಗಟ್ಟಿ, ಹಂಗಾಗಿ ಅದೇ ಸತ್ತಿದೆ ಅಂದ್ರೆ ಇವು ಸತ್ತಿವೆ ಅಂತ ಅರ್ಥ. ತುಂಬಾ ಸ್ವಲ್ಪ ಹಸಿ ಹಾಲು ಪೈಪಲ್ಲಿ ಸೋರಿ ಬೆರೆತಿದ್ರೂ ಆ ಟೆಸ್ಟಲ್ಲಿ ಬಣ್ಣ ಬಂದು ಸಿಕ್ಕಿ ಬೀಳತ್ತೆ.

ಆದ್ರೆ 72 ಡಿಗ್ರಿಗೆ ಸಾಯದೆ ಇರೋವೂ ಇವೆ. ಬ್ಯಾಸಿಲಸ್ ಜಾತಿಯವು ಕಷ್ಟ ಬಂದಾಗ ಸ್ಪೋರ್ ಅಂದ್ರೆ ಗಟ್ಟಿ ಸಿಪ್ಪೆಯ ಬೀಜದ ಥರ ಆಗಿಬಿಡ್ತವೆ, ಕುದಿಸಿದ್ರೂ ಸಾಯಲ್ಲ. ಜೊತೆಗೆ ಹಾಲು ಬಿಸಿ ಆಗಿ ತಣ್ಣಗಾದ ಮೇಲೆ ಪ್ಯಾಕಿಂಗ್ ಮೆಷಿನ್ ತನಕ ಹೋಗೋ ದಾರೀಲಿ, ಟ್ಯಾಂಕಿನಲ್ಲಿ, ಪಾಲಿಥೀನ್ ಫಿಲ್ಮಲ್ಲಿ ಅಲ್ಲೊಂದು ಇಲ್ಲೊಂದು ಹೊಸ ಬ್ಯಾಕ್ಟೀರಿಯಾ ಸೇರ್ಕೊಳತ್ತೆ, ಯಾಕಂದ್ರೆ ಆ ಪ್ಯಾಕಿಂಗ್ ಶುದ್ಧ ಇರತ್ತೆ ಆದ್ರೆ ನಿರ್ಜೀವ ಅಲ್ಲ. ಅದಕ್ಕೇ ಪ್ಯಾಕೆಟ್ ಹಾಲನ್ನ ಫ್ರಿಜ್‌ನಲ್ಲೇ ಇಡ್ಬೇಕು, ಎರಡು ದಿನದೊಳಗೆ ಮುಗಿಸ್ಬೇಕು. ಅಂಗಡಿ ಮುಂದೆ ಬೆಳಗಿನ ಜಾವ ಇಳಿಸಿದ ಕ್ರೇಟು ಎಂಟು ಗಂಟೆ ತನಕ ಬಿಸಿಲಲ್ಲಿ ಕೂತಿದ್ರೆ ಆ ಎರಡು ದಿನದಲ್ಲಿ ಒಂದು ದಿನ ಅಲ್ಲೇ ಹೋಯ್ತು ಅಂದ್ಕೊಳ್ಳಿ.

ಕೆಟ್ಟ ಪ್ಯಾಕೆಟ್ ಹಾಲು ಹಸಿ ಹಾಲಿನ ಥರ ಕೆಡಲ್ಲ ಅನ್ನೋದನ್ನ ಗಮನಿಸಿದ್ದೀರಾ? ಹಸಿ ಹಾಲು ಹುಳಿಯಾಗತ್ತೆ, ಫ್ರಿಜ್‌ನಲ್ಲಿ ಹಳೇದಾದ ಪ್ಯಾಕೆಟ್ ಹಾಲು ಎಷ್ಟೋ ಸಲ ಹುಳಿ ಆಗದೆ ಕಹಿ ಆಗತ್ತೆ, ಇಲ್ಲಾ ಕೆಟ್ಟ ವಾಸನೆ ಬರತ್ತೆ, ಕೆಲವೊಮ್ಮೆ ಕಾಫಿಗೆ ಹಾಕಿದಾಗ ಮೇಲೆ ಕೆನೆ ಚೂರು ಚೂರಾಗಿ ತೇಲತ್ತೆ. ಹುಳಿ ಮಾಡೋ ಜಾತಿಗಳು ಬಿಸಿಗೆ ಬಹುಪಾಲು ಸತ್ತಿರ್ತವೆ, ಉಳಿಯೋದು ಪ್ರೋಟೀನು ಕೊಬ್ಬು ಕತ್ತರಿಸೋ ಜಾತಿಗಳು, ಪ್ರೋಟೀನು ಚೂರಾದ್ರೆ ಕಹಿ. ಹಂಗಾಗಿ ಹುಳಿ ಇಲ್ಲ ಅಂದ್ರೆ ಹಾಲು ಚೆನ್ನಾಗಿದೆ ಅನ್ನೋ ನಮ್ಮ ಅಜ್ಜಿ ಕಾಲದ ಲೆಕ್ಕ ಪ್ಯಾಕೆಟ್ ಹಾಲಿಗೆ ಒಪ್ಪಲ್ಲ.

ಈಗ ಎಲ್ಲರೂ ಕೇಳೋ ಪ್ರಶ್ನೆ, ಪ್ಯಾಕೆಟ್ ಹಾಲು ಕಾಯಿಸ್ಬೇಕಾ. ರೋಗಾಣು ಲೆಕ್ಕದಲ್ಲಿ ಬೇಕಾಗಿಲ್ಲ, ಡೇರಿಯಿಂದ ನಿಮ್ಮ ಫ್ರಿಜ್ ತನಕ ತಣ್ಣಗೇ ಬಂದಿದ್ರೆ ಹಂಗೇ ಕುಡೀಬಹುದು. ಆದ್ರೆ ನಮ್ಮ ಊರುಗಳಲ್ಲಿ ಆ ತಣ್ಣಗೆ ಬರೋ ದಾರಿ ಎಲ್ಲೆಲ್ಲಿ ತುಂಡಾಗತ್ತೆ ಅಂತ ನೋಡಿರೋನಾಗಿ ನಾನಂತೂ ಮನೇಲಿ ಕಾಯಿಸ್ತೀನಿ. ಒಂದೇ ಸಲ ಉಕ್ಕು ಬರೋ ತನಕ ಕಾಯಿಸಿ, ಪಾತ್ರೇನ ತಣ್ಣೀರು ತಟ್ಟೇಲಿ ಇಟ್ಟು ಬೇಗ ಆರಿಸಿ, ಫ್ರಿಜ್‌ಗೆ ಇಡೋದು. ಹೊತ್ತಿಗೊಂದ್ಸಲ ಪೂರ್ತಿ ಹಾಲನ್ನ ಮತ್ತೆ ಮತ್ತೆ ಕಾಯಿಸಿ ಕಟ್ಟೆ ಮೇಲೇ ಬಿಡೋದು ನಮ್ಮ ಕಡೆ ಅಭ್ಯಾಸ, ಅದ್ರಲ್ಲಿ ಎರಡು ನಷ್ಟ ಇದೆ, ಬಿ ವಿಟಮಿನ್‌ಗಳು ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗ್ತವೆ, ಮತ್ತೆ ಆ ಉಳಿದ ಸ್ಪೋರ್‌ಗಳು ಉಗುರುಬೆಚ್ಚಗಿನ ಹಾಲಲ್ಲಿ ಮೊಳಕೆ ಒಡೀತವೆ. ಬೇಕಾದಷ್ಟನ್ನ ಮಾತ್ರ ತೆಗೆದು ಬಿಸಿ ಮಾಡ್ಕೊಳ್ಳಿ.

ಹಸಿ ಹಾಲಿನ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಕಾಯಿಸದೇ ಕುಡೀಬೇಡಿ. ನಮ್ಮ ಕಡೆ ಹೆಚ್ಚಿನವರು ಕಾಯಿಸೇ ಕುಡಿಯೋದು, ಮೊಸರೂ ಬೆಣ್ಣೇನೂ ಕಾಯಿಸಿದ ಹಾಲಿಂದಾನೇ ಬರೋದು, ಅದು ನಮ್ಮನ್ನ ಎಷ್ಟೋ ರೋಗದಿಂದ ಕಾಪಾಡಿದೆ. ಆದ್ರೆ ಎರಡು ಕಡೆ ತಪ್ಪಿ ಹೋಗತ್ತೆ. ಒಂದು ನೊರೆಹಾಲು, ಕರೆಯೋ ಹೊತ್ತಲ್ಲಿ ಮಗು ಲೋಟ ಹಿಡ್ಕೊಂಡು ಬಂದ್ರೆ ಬಿಸಿ ಬಿಸಿ ನೊರೆಹಾಲು ಕೊಟ್ರೆ ಗಟ್ಟಿ ಆಗತ್ತೆ ಅನ್ನೋ ನಂಬಿಕೆ. ಆ ಬಿಸಿ ಹಸುವಿನ ಮೈ ಬಿಸಿ, 38 ಡಿಗ್ರಿ, ರೋಗಾಣುಗೆ ಅದು ತವರುಮನೆ. ಇನ್ನೊಂದು ಹಸಿ ಹಾಲು ಹಾಕಿದ ಪಂಚಾಮೃತ. ಅಭಿಷೇಕಕ್ಕೆ ಹಸಿ ಹಾಲೇ ಆಗ್ಬೇಕು ಅಂದ್ರೆ ಆಗ್ಲಿ, ಕುಡಿಯೋಕೆ ಕೊಡೋದಕ್ಕೆ ಬೇರೆ ಪಾತ್ರೇಲಿ ಕಾಯಿಸಿ ಆರಿಸಿದ ಹಾಲಲ್ಲಿ ಮಾಡಿದ್ರೆ ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ ಅಂತ ನಾನು ಮನಸಾರೆ ನಂಬಿದ್ದೀನಿ.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ ಬ್ರುಸೆಲ್ಲೋಸಿಸ್. ನಮ್ಮ ಕಡೆ ಇದನ್ನ ಕಂದು ಹಾಕೋ ರೋಗ ಅಂತಾರೆ, ಗಬ್ಬದ ಹಸು ಆರೇಳು ತಿಂಗಳಿಗೆ ಕರು ಹಾಕ್ಬಿಡತ್ತೆ, ಆಮೇಲೆ ನೋಡೋಕೆ ಆರೋಗ್ಯವಾಗೇ ಇರತ್ತೆ, ಹಾಲೂ ಕೊಡತ್ತೆ, ಆ ಹಾಲಲ್ಲಿ ರೋಗಾಣು ಹೋಗ್ತಾನೇ ಇರತ್ತೆ. ಮನುಷ್ಯರಿಗೆ ಬಂದ್ರೆ ಬಂದು ಹೋಗೋ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು, ಗಂಡಸರಿಗೆ ವೃಷಣ ಊತ. ಹಾಲು ಕುಡಿದು ವಾರಗಳು ತಿಂಗಳುಗಳು ಆದ್ಮೇಲೆ ಶುರು ಆಗೋದ್ರಿಂದ ಯಾರಿಗೂ ಹಾಲಿನ ನೆನಪೇ ಬರಲ್ಲ, ಟೈಫಾಯ್ಡ್ ಇರ್ಬೇಕು ಮಲೇರಿಯಾ ಇರ್ಬೇಕು ಅಂತ ಅಲೀತಾರೆ. ಔಷಧಿ ಇದೆ, ಆದ್ರೆ ಸಾಮಾನ್ಯವಾಗಿ ಎರಡು ಬಗೆ ಆಂಟಿಬಯೋಟಿಕ್ ಆರು ವಾರ ತಗೋಬೇಕು. ಹಸು ಸಾಕಿರೋರು ಇಂಥ ಜ್ವರಕ್ಕೆ ಡಾಕ್ಟರ್ ಹತ್ರ ಹೋದಾಗ ನಮ್ಮನೇಲಿ ಹಸು ಇದೆ, ಒಂದು ಕಂದು ಹಾಕಿತ್ತು ಅಂತ ಬಾಯಿಬಿಟ್ಟು ಹೇಳಿ, ಆ ಒಂದು ಮಾತಿಂದ ಸರಿಯಾದ ಟೆಸ್ಟ್ ಬೇಗ ಆಗತ್ತೆ. ಹಾಲು ಕಾಯಿಸಿದ್ರೂ ಕಂದು ಹಾಕಿದ ಕರು, ಅದರ ಮಾಸು ಇವನ್ನ ಬರಿಗೈಲಿ ಮುಟ್ಟಿದ್ರೆ ಅದರಿಂದಾನೂ ಬರತ್ತೆ, ಕೈಗವಸು ಬೇಕೇ ಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕ್ತಾರೆ, ಜೀವನಕ್ಕೆ ಒಂದೇ ಸಲ, ಬಿಡ್ಬೇಡಿ.

ಮಲೆನಾಡಿನ ಕಡೆಯವರು ಮಂಗನ ಕಾಯಿಲೆ ಹಾಲಿಂದ ಬರತ್ತಾ ಅಂತಾನೂ ಕೇಳ್ತಾರೆ. ಅದು ಉಣ್ಣೆ ಕಚ್ಚೋದ್ರಿಂದ ಬರೋದು, ಹಾಲಿಂದ ಮನುಷ್ಯರಿಗೆ ಬಂದಿದ್ದಕ್ಕೆ ಪುರಾವೆ ಇಲ್ಲ.

ಹಸಿ ಹಾಲನ್ನ ಕಾಯಿಸಿದ್ರೆ ಎಲ್ಲ ಸರಿ ಹೋಗತ್ತೆ ಅಂತಾನೂ ತಿಳ್ಕೋಬೇಡಿ. ಕೆಚ್ಚಲು ಬಾವು ಇದ್ದ ಹಸುವಿನ ಹಾಲಲ್ಲಿ ಸ್ಟ್ಯಾಫಿಲೋಕಾಕಸ್ ಇರಬಹುದು, ಅದು ಬೆಚ್ಚಗಿನ ಹಾಲಲ್ಲಿ ಗಂಟೆಗಟ್ಟಲೆ ಬೆಳೆದ್ರೆ ಒಂದು ವಿಷ ಬಿಡತ್ತೆ, ಕಾಯಿಸಿದಾಗ ಬ್ಯಾಕ್ಟೀರಿಯಾ ಸಾಯತ್ತೆ, ವಿಷ ಉಳಿಯತ್ತೆ, ಕುಡಿದ ಕೆಲವೇ ಗಂಟೇಲಿ ವಾಂತಿ. ಅವತ್ತು ಒಡೆದ ಹಾಲನ್ನ ಬಟ್ಟೇಲಿ ಸೋಸಿ ಸಕ್ಕರೆ ಹಾಕಿ ಮಕ್ಕಳಿಗೆ ಕೊಡೋಣ ಅಂತ ಯಾರೋ ಅಂದಾಗ ನಾನು ಬೇಡ ಅಂತ ತಡೆದಿದ್ದು ಇದಕ್ಕೇನೆ. ತಾಜಾ ಹಾಲಿಗೆ ನಿಂಬೆಹುಳಿ ಹಿಂಡಿ ನಾವೇ ಒಡೆಸೋದು ಬೇರೆ, ರಾತ್ರಿಯೆಲ್ಲ ಬೆಚ್ಚಗೆ ಕೂತು ತಾನಾಗೇ ಒಡೆದಿದ್ದು ಬೇರೆ. ಹಂಗೇ ಹಸುವಿಗೆ ಕೊಟ್ಟ ಇಂಜೆಕ್ಷನ್ನಿನ ಆಂಟಿಬಯೋಟಿಕ್ ಅಂಶ, ಬೂಷ್ಟು ಹಿಡಿದ ಹಿಂಡಿ ತಿಂದಿದ್ರಿಂದ ಬರೋ ಅಫ್ಲಾಟಾಕ್ಸಿನ್ ಅನ್ನೋ ವಿಷ, ಇವನ್ನ ಮನೆ ಒಲೆಯೂ ತೆಗೆಯಲ್ಲ, ಪಾಶ್ಚರೀಕರಣವೂ ತೆಗೆಯಲ್ಲ, ಯುಹೆಚ್‌ಟಿಯೂ ತೆಗೆಯಲ್ಲ.

ಇನ್ನು ಡಿಕ್ಕಿಯಲ್ಲಿದ್ದ ಹಾಲು. ಯುಹೆಚ್‌ಟಿ ಅಂದ್ರೆ ಅತಿ ಹೆಚ್ಚು ಬಿಸಿ, 135ರಿಂದ 140 ಡಿಗ್ರಿಗೆ ಬರೀ ಎರಡರಿಂದ ಐದು ಸೆಕೆಂಡ್. ಮನೆ ಒಲೆ ಮೇಲೆ ಹಾಲು 100 ಡಿಗ್ರಿ ದಾಟಿ ಹೆಚ್ಚು ಹೋಗಲ್ಲ, ಇಲ್ಲಿ ಒತ್ತಡದಲ್ಲಿ ಇಟ್ಟಿರೋದ್ರಿಂದ ಕುದಿಯದೇ ಅಷ್ಟು ಬಿಸಿ ಆಗತ್ತೆ. ಆ ಬಿಸೀಲಿ ಮೊದಲು ಹೇಳಿದ ಗಟ್ಟಿ ಸಿಪ್ಪೆಯ ಸ್ಪೋರ್‌ಗಳೂ ಸಾಯ್ತವೆ. ಆದ್ರೆ ಅದು ಅರ್ಧ ಕೆಲಸ. ಉಳಿದ ಅರ್ಧ ಪ್ಯಾಕಿಂಗು. ಪೌಚಿನ ಹಾಳೆ ಕಾಗದ, ಪಾಲಿಥೀನ್, ತೆಳ್ಳಗಿನ ಅಲ್ಯೂಮಿನಿಯಂ ಇವುಗಳ ಪದರ, ಆ ಹಾಳೇನೂ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ನಿರ್ಜೀವ ಮಾಡಿ, ಸೋಸಿದ ಗಾಳಿ ಇರೋ ಮುಚ್ಚಿದ ಜಾಗದಲ್ಲೇ ಹಾಲು ತುಂಬಿ ಸೀಲ್ ಮಾಡ್ತಾರೆ. ಒಳಗಿದ್ದಿದ್ದು ಸತ್ತಿದೆ, ಹೊರಗಿಂದ ಬರೋ ಬಾಗಿಲು ಮುಚ್ಚಿದೆ, ಬೆಳಕೂ ಗಾಳೀನೂ ಹೋಗಲ್ಲ. ಪೌಚ್ ಆದ್ರೆ ಸಾಮಾನ್ಯವಾಗಿ 90 ದಿನ, ಇಟ್ಟಿಗೆ ಆಕಾರದ ಡಬ್ಬ ಆದ್ರೆ 180 ದಿನ ಫ್ರಿಜ್ ಇಲ್ದೆ ಇರೋದು ಇದರಿಂದ. ಏನೋ ಕೆಮಿಕಲ್ ಹಾಕಿರ್ತಾರೆ ಅದಕ್ಕೇ ಮೂರು ತಿಂಗಳು ಕೆಡಲ್ಲ ಅಂತ ಜನ ಹೇಳೋದು ತಪ್ಪು. ಮನೇಲಿ ನಾವು ಎಷ್ಟು ಹೊತ್ತು ಕುದಿಸಿದ್ರೂ ಹಾಲು ಮೂರು ತಿಂಗಳು ಇರಲ್ಲ, ಸ್ಪೋರೂ ಉಳಿಯತ್ತೆ, ಪಾತ್ರೆ ಬಾಯೂ ತೆಗೆದಿರತ್ತೆ.

ಅದಕ್ಕೇ ಯುಹೆಚ್‌ಟಿ ಪೌಚ್ ಕತ್ತರಿಸಿದ ಕ್ಷಣಕ್ಕೆ ಅದರ 90 ದಿನ ಮುಗೀತು. ಆಮೇಲೆ ಅದೂ ಮಾಮೂಲಿ ಹಾಲೇ, ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಎಸ್ಟೇಟ್ ಲೈನುಗಳಲ್ಲಿ, ಮೂಡಿಗೆರೆ ಸಕಲೇಶಪುರ ಕಡೆ ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಹೋದಾಗ ಇದು ತುಂಬಾ ಉಪಯೋಗ, ಆದ್ರೆ ಅರ್ಧ ಲೀಟರ್ ಪೌಚ್ ಕತ್ತರಿಸಿದ್ರೆ ಅವತ್ತೇ ಖರ್ಚು ಮಾಡಿ. ಸೀಲ್ ಹತ್ರ ಜಿನುಗಿರೋದು, ಮಡಿಸಿದ ಗೆರೇಲಿ ಸವೆದಿರೋದು, ಉಬ್ಬಿರೋದು ಇದ್ರೆ ತೆಗೀಲೂಬೇಡಿ, ಸೂಜಿಮೊನೆಯಷ್ಟು ತೂತು ಸಾಕು ಬಾಗಿಲು ತೆಗೆದಂಗೆ, ಉಬ್ಬಿದ್ರೆ ಒಳಗೆ ಯಾರೋ ಬದುಕಿ ಗ್ಯಾಸ್ ಬಿಡ್ತಾ ಇದಾರೆ ಅಂತ. ಡಿಕ್ಕಿ ಬಿಸಿ ಮೂರು ದಿನಕ್ಕೆ ಪರವಾಗಿಲ್ಲ, ಆದ್ರೆ ತಿಂಗಳುಗಟ್ಟಲೆ ಬಿಸೀಲಿಟ್ರೆ ರುಚಿ ಕೆಡತ್ತೆ, ಬಣ್ಣ ಕಂದು ತಿರುಗತ್ತೆ, ಕೊನೆಕೊನೆಗೆ ಒಳಗೇ ಲೋಳೆ ಥರ ಗಟ್ಟಿ ಆಗಬಹುದು. ಗಟ್ಟಿ ಆಗೋದಕ್ಕೆ ಒಂದು ಕಾರಣ ಬ್ಯಾಕ್ಟೀರಿಯಾ ಅಲ್ಲ, ಅವು ಸಾಯೋ ಮುಂಚೆ ಬಿಟ್ಟ ಕಿಣ್ವ. ಹಸಿ ಹಾಲನ್ನ ತಣ್ಣಗೇ ಆದ್ರೂ ತುಂಬಾ ದಿನ ಇಟ್ಟಿದ್ರೆ ಚಳೀಲೂ ಬೆಳೆಯೋ ಸ್ಯೂಡೋಮೊನಾಸ್ ಅದ್ರೊಳಗೆ ಇಂಥ ಕಿಣ್ವ ಬಿಟ್ಟಿರತ್ತೆ, 140 ಡಿಗ್ರಿಗೂ ಅದರಲ್ಲಿ ಸ್ವಲ್ಪ ಉಳಿಯತ್ತೆ. ಅಂದ್ರೆ ಒಳ್ಳೆ ಯುಹೆಚ್‌ಟಿ ಹಾಲು ಬೇಕು ಅಂದ್ರೆ ಒಳ್ಳೆ ಹಸಿ ಹಾಲೇ ಬೇಕು.

ರುಚಿ ವಿಷಯಕ್ಕೆ ಅವತ್ತು ಕಾಫಿ ಕುಡಿದ ಚಿಕ್ಕಮಗಳೂರಿನ ನೆಂಟ್ರು ಒಬ್ಬರು, "ಕಾಫಿ ಪುಡಿ ಚೆನ್ನಾಗಿದೆ, ಹಾಲು ಯಾಕೋ ಒಂಥರಾ ಇದೆ ಕಣ್ರಿ" ಅಂದ್ರು. ಅವರ ನಾಲಿಗೆ ಸರಿಯಾಗೇ ಹೇಳಿತ್ತು. ಹಾಲಿನ ವೇ ಅನ್ನೋ ಪ್ರೋಟೀನಲ್ಲಿ ಗಂಧಕದ ಅಂಶ ಇರತ್ತೆ, ಜೋರು ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಕೊಂಡು ಆ ಗಂಧಕದ ಕಾಯ್ದ ವಾಸನೆ ಹೊರಗೆ ಬರತ್ತೆ, ಜೊತೆಗೆ ಹಾಲಿನ ಸಕ್ಕರೆ ಪ್ರೋಟೀನಿನ ಜೊತೆ ಸೇರಿ ಸಣ್ಣಗೆ ಪಾಕದ ಥರ ಸಿಹಿ ಬರತ್ತೆ. ಹೊಸ ಯುಹೆಚ್‌ಟಿಯಲ್ಲಿ ಆ ಗಂಧಕದ ವಾಸನೆ ಜಾಸ್ತಿ, ಒಂದೆರಡು ವಾರದಲ್ಲಿ ಕಡಿಮೆ ಆಗತ್ತೆ, ಇನ್ನೂ ಹಳೇದಾದ್ರೆ ಮುಗ್ಗಲು ರುಚಿ ಶುರು ಆಗತ್ತೆ. ಹಂಗಾಗಿ ಫಿಲ್ಟರ್ ಕಾಫಿಗೆ ಯುಹೆಚ್‌ಟಿ ಹಾಕೋದಾದ್ರೆ ಡಿಕಾಕ್ಷನ್ ಗಟ್ಟಿ ಇರ್ಲಿ, ಹಾಲನ್ನ ಬಿಸಿ ಮಾಡಿ ಸಾಕು, ಮತ್ತೆ ಕುದಿಸ್ಬೇಡಿ.

72 ಡಿಗ್ರಿಯ ಪಾಶ್ಚರೀಕರಣ ಮಾತ್ರ ರುಚೀನ ಹೆಚ್ಚುಕಮ್ಮಿ ಬದಲಾಯಿಸೋದೇ ಇಲ್ಲ. ಪ್ಯಾಕೆಟ್ ಹಾಲು ನೀರು ನೀರು, ಬಿಸಿ ಮಾಡಿ ಸತ್ವ ತೆಗೆದಿದ್ದಾರೆ ಅಂತ ಊರಿನವರು ಹೇಳ್ತಾರಲ್ಲ, ಅಲ್ಲಿ ಅವರು ಕಂಡಿದ್ದು ನಿಜ, ಕಾರಣ ಬೇರೆ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದ್ರಲ್ಲಿ ಕೊಬ್ಬು 3 ಪರ್ಸೆಂಟ್‌ಗೆ ಅಳೆದು ಇಟ್ಟಿರ್ತಾರೆ. ಮನೆ ನಾಟಿ ಹಸುವಿನ ಹಾಲಲ್ಲಿ ನಾಲ್ಕೂವರೆ ಇರಬಹುದು, ಎಮ್ಮೆ ಹಾಲಲ್ಲಿ ಆರೇಳು. ಕೆನೆ ಕಟ್ಟೋದು, ನಾಲಿಗೆ ಮೇಲೆ ಕೂರೋದು ಎಲ್ಲ ಆ ಕೊಬ್ಬಿಂದ. 6 ಪರ್ಸೆಂಟಿನ ಫುಲ್ ಕ್ರೀಮ್ ಪ್ಯಾಕೆಟ್ ತಂದು ಕಾಯಿಸಿ ಕೊಟ್ರೆ ಕಣ್ಣು ಮುಚ್ಕೊಂಡು ಕುಡಿಯೋರು ಮನೆ ಹಾಲು ಅಂತಾರೆ. ಮತ್ತೆ ನಾವು ಹಸಿ ಹಾಲಿನ ರುಚಿ ಅಂತ ನೆನಪಿಟ್ಕೊಂಡಿರೋದ್ರಲ್ಲಿ ಹೆಚ್ಚಿನದ್ದು ಒಲೆ ಮೇಲೆ ನಿಧಾನಕ್ಕೆ ಕಾಯ್ದ ಹಾಲಿನ ಪರಿಮಳ, ಅಂದ್ರೆ ಯುಹೆಚ್‌ಟಿಯಲ್ಲಿ ನಮಗೆ ಒಂಥರಾ ಅನ್ಸೋ ಅದೇ ಕಾಯ್ದ ವಾಸನೆಯ ಹತ್ತಿರದ ನೆಂಟ.

ಮೊಸರಿಗೂ ಒಂದು ಮಾತು. ಯುಹೆಚ್‌ಟಿ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗತ್ತೆ, ಆದ್ರೆ ಮನೇಲಿ ಕಾಯಿಸಿದ ಹಾಲಿನ ಮೊಸರಿನಷ್ಟು ಗಟ್ಟಿ ಕೂರಲ್ಲ, ಸೌಟು ಹಾಕಿದ್ರೆ ಸಡಿಲ. ಮತ್ತೆ ಕತ್ತರಿಸಿ ಹೊರಗಿಟ್ಟ ಯುಹೆಚ್‌ಟಿ ಹಾಲು ತಾನಾಗೇ ಹುಳಿಯಾಗಿ ಮೊಸರಾಗಲಿ ಅಂತ ಕಾಯ್ಬೇಡಿ, ಮೊಸರಿನ ಬ್ಯಾಕ್ಟೀರಿಯಾ ಅದ್ರಲ್ಲಿ ಇಲ್ವೇ ಇಲ್ಲ, ಗಾಳೀಲಿ ಬಿದ್ದಿದ್ದು ಯಾವುದೋ ಬೆಳೆಯತ್ತೆ.

ಇದನ್ನೆಲ್ಲ ಕೇಳಿ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮುಂದಿನ ತಿಂಗಳು ಚಿಕ್ಕೋನ ಮನೆ ಗೃಹಪ್ರವೇಶಕ್ಕೆ ನಮ್ಮ ಹಸುವಿನ ಹಾಲು ಬೇಡ ಅಂತೀಯಾ?" ಅಂದ್ರು. ಬೇಡ ಅಂತ ನಾನ್ಯಾಕೆ ಹೇಳ್ಲಿ. ನಾವು ಮಾಡಿದ್ದು ಇಷ್ಟು. ಕ್ಯಾನನ್ನ ಹಿಂದಿನ ದಿನವೇ ಉಜ್ಜಿ ತೊಳೆದು ಕುದಿಯೋ ನೀರು ಸುರಿದು ಬೋರಲು ಹಾಕಿದ್ವಿ. ಕರೆಯೋ ಮುಂಚೆ ಕೆಚ್ಚಲು ತೊಳೆದು ಒರೆಸಿ, ಮೊದಲ ನಾಲ್ಕೈದು ಸೆಳೆತದ ಹಾಲನ್ನ ಬೇರೆ ಹಿಂಡಿ ಬಿಟ್ವಿ, ಮೊಲೆತೊಟ್ಟಿನ ತುದೀಲಿ ಇರೋ ಬ್ಯಾಕ್ಟೀರಿಯಾ ಅದ್ರಲ್ಲೇ ಹೋಗತ್ತೆ. ಶೋಧಿಸಿದ 3 ಲೀಟರ್ ಹಾಲಿನ ಕ್ಯಾನನ್ನ ಮೊದಲು ಬಾವಿ ನೀರಿನ ಬಕೆಟ್ಟಲ್ಲಿ ಇಟ್ಟು ಹಾಲನ್ನ ಶುದ್ಧವಾದ ಸೌಟಿನಿಂದ ತಿರುಗಿಸ್ತಾ ಮೈ ಬಿಸಿ ಇಳಿಸಿದ್ವಿ. ಅದಾದ್ಮೇಲೆ ಆಲೂರಿಂದ ತರಿಸಿದ 3 ಕಿಲೋ ಐಸು ಸುತ್ತ ತುಂಬಿ, ಮೀನು ತರೋಕೆ ಅಂತ ಕೊಂಡಿದ್ದ ಹೊಸ ಥರ್ಮೋಕೋಲ್ ಡಬ್ಬದಲ್ಲಿ ಮುಚ್ಚಿಟ್ವಿ, ಅಡುಗೆಮನೆ ಥರ್ಮಾಮೀಟರ್ ಹಾಕಿ ನೋಡಿದಾಗ ಏಳು ಗಂಟೆಗೆ 6 ಡಿಗ್ರಿ ಇತ್ತು. ಬೆಳಗಿನ ಜಾವ ಹೊರಡೋ ಮುಂಚೆ ಒಂದು ಸೌಟು ಹಾಲನ್ನ ಸಣ್ಣ ಪಾತ್ರೇಲಿ ಕುದಿಸಿ ನೋಡಿದ್ವಿ, ಒಡೀಲಿಲ್ಲ. 5 ಗಂಟೆ 20 ನಿಮಿಷಕ್ಕೆ ಹೊಸ ಮನೆ ಒಲೆ ಮೇಲೆ ಆ ಹಾಲು ಅಂಚು ದಾಟಿ ಪೂರ್ವಕ್ಕೆ ಉಕ್ತು, ಅತ್ತೆ ಒಲೆ ಒರೆಸೋಕೂ ಯಾರನ್ನೂ ಬಿಡ್ಲಿಲ್ಲ.